ಸಾವಿರ ಸಬ್‌ಸ್ಕ್ರೈಬರ್ ಅನ್ನೋ ಗೆರೆ (ಸರಣಿ, ಭಾಗ 3)

ವಿಡಿಯೊ ಹಾಕೋ ಎಲ್ಲರ ಇನ್‌ಬಾಕ್ಸಿಗೂ ಈ ಮೆಸೇಜ್ ಒಮ್ಮೆಯಾದ್ರೂ ಬಂದಿರ್ತದ: "ರೊಕ್ಕ ಹಾಕ್ರಿ, ಎರಡೇ ದಿನದಾಗ ಸಾವಿರ ಸಬ್‌ಸ್ಕ್ರೈಬರ್." ಸಾವಿರನೇ ಯಾಕಂತ ಯೋಚ್ನೆ ಮಾಡೀರೇನು? ಅದಕ್ಕೊಂದು ಇತಿಹಾಸ ಇದೆ.

2017ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ಒಂದು ನಿಯಮ ತಂದಿತು: ಜಾಹೀರಾತಿನ ಹಣ ಬೇಕಂದ್ರೆ ಚಾನೆಲ್‌ಗೆ ಒಟ್ಟು 10,000 ವ್ಯೂಸ್ ಆಗಿರಬೇಕು. ವ್ಯೂಸ್ ಒಂದನ್ನೇ ಅಳೆದ್ರೆ ಸಾಲದು ಅಂತ 2018ರ ಜನವರಿಯಲ್ಲಿ ಅದನ್ನು ಬದಲಿಸಿ, 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವಾಚ್‌ಟೈಮ್ ಕೇಳಿತು. ಸಣ್ಣ ಚಾನೆಲ್‌ಗಳಿಗೆ ಇದು ದೊಡ್ಡ ಗೆರೆ. "ನೀ ನನಗ ಮಾಡು, ನಾ ನಿನಗ ಮಾಡ್ತೀನಿ" ಅನ್ನೋ ಗ್ರೂಪುಗಳಿಗೂ, ಸಬ್‌ಸ್ಕ್ರೈಬರ್ ಮಾರೋರಿಗೂ ಈ ಗೆರೆನೇ ಬಂಡವಾಳ ಆಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಯೂಟ್ಯೂಬ್ ಸ್ಪ್ಯಾಮ್ ಖಾತೆಗಳನ್ನು ಗುಡಿಸಿ ಹಾಕಿತು. ಅದರಿಂದ ಸಾವಿರಕ್ಕಿಂತ ಕೆಳಗೆ ಇಳಿದ ಚಾನೆಲ್ ಮತ್ತೆ ಮೊದಲಿಂದ ಅರ್ಜಿ ಹಾಕಬೇಕು ಅಂತ ಹೇಳಿತು.

ಈಗ ಲೆಕ್ಕ ಮಾಡೋಣ. 4,000 ಗಂಟೆ ಅಂದ್ರೆ 2,40,000 ನಿಮಿಷ. ನೀವು ಇರಕಲ್ಲಗಡದ ಕೋಟೆ ಬಗ್ಗೆ ಎಂಟು ನಿಮಿಷದ ವಿಡಿಯೊ ಮಾಡೀರಿ ಅಂತ ಇಟ್ಕೊಳ್ರಿ. ಆಸಕ್ತಿ ಇದ್ದೋರು ನಾಲ್ಕು ನಿಮಿಷ ನೋಡಿದ್ರೆ 60,000 ವ್ಯೂಸ್ ಸಾಕು. ಗ್ರೂಪಿನೋರು ಮೂವತ್ತು ಸೆಕೆಂಡಿಗೆ ಎದ್ದು ಹೋದ್ರೆ 4,80,000 ವ್ಯೂಸ್ ಬೇಕು. ಅಂದ್ರೆ ಕೊಂಡ ಸಾವಿರ ಜನ ನಿಮ್ಮನ್ನು ಅರ್ಧ ಗೆರೆ ಅಷ್ಟೇ ದಾಟಿಸ್ತಾರ.

ರೀಚ್‌ಗೆ ಪೆಟ್ಟು ಬೀಳೋದೂ ಇಲ್ಲೇ. ವಿಡಿಯೊ ಯಾರ ಮುಂದೆ ಬಂತು, ಅವರು ಒತ್ತಿದ್ರಾ, ಎಷ್ಟು ಹೊತ್ತು ನೋಡಿದ್ರು, ಇದನ್ನೆಲ್ಲ ನೋಡಿ ಯೂಟ್ಯೂಬ್ ಅದನ್ನು ಮುಂದಿನವರಿಗೆ ತೋರಿಸ್ತದ. ಕೊಂಡ ಖಾತೆ ಒತ್ತೋದೇ ಇಲ್ಲ, ಗ್ರೂಪಿನ ಗೆಳೆಯ ಒತ್ತಿ ಓಡಿಹೋಗ್ತಾನ. "ಇದು ಜನಕ್ಕೆ ಬ್ಯಾಡ" ಅನ್ನೋ ಸಾಕ್ಷಿ ನಾವೇ ರೊಕ್ಕ ಕೊಟ್ಟು ಕೊಡಿಸಿದಂಗ ಆಯ್ತು. ಸ್ಟುಡಿಯೊದಾಗ ರಿಟೆನ್ಶನ್ ಗೆರೆ ಮೊದಲ ಅರ್ಧ ನಿಮಿಷದಾಗೇ ಬಾವಿಗೆ ಬಿದ್ದಂಗ ಇಳಿದಿದ್ರೆ, ನೋಡಿದೋರು ಎಲ್ಲಿಂದ ಬಂದಾರ ಅಂತ ಒಮ್ಮೆ ಹುಡುಕ್ರಿ.

ಚಾನೆಲ್ ಬೆಳೆದ ಮೇಲೆ ಬರೋ ಮೋಸ ಬ್ಯಾರೆ. 2021ರ ಅಕ್ಟೋಬರ್‌ನಲ್ಲಿ ಗೂಗಲ್ ಇದರ ಬಗ್ಗೆ ವರದಿ ಕೊಟ್ಟಿತು. 2019ರ ಕೊನೆಯಿಂದ ಯೂಟ್ಯೂಬರ್‌ಗಳಿಗೆ "ನಮ್ಮ ಆ್ಯಂಟಿವೈರಸ್, ನಮ್ಮ ಗೇಮ್ ಪ್ರಚಾರ ಮಾಡ್ರಿ" ಅಂತ ಮೇಲ್ ಬರ್ತಿತ್ತು. ಡೌನ್‌ಲೋಡ್ ಮಾಡಿ ಓಡಿಸಿದ ಕೂಡ್ಲೆ ಬ್ರೌಸರಿನ ಕುಕಿ ಕಳುವು. ಕುಕಿ ಅಂದ್ರೆ ನೀವು ಆಗ್ಲೇ ಒಳಗದೀರಿ ಅನ್ನೋ ಚೀಟಿ. ಅದು ಸಿಕ್ಕ ಕಳ್ಳನಿಗೆ ಪಾಸ್‌ವರ್ಡೂ ಬೇಕಿಲ್ಲ, ಓಟಿಪಿಯೂ ಬೇಕಿಲ್ಲ. ಹಿಂಗ ಕದ್ದ ಚಾನೆಲ್‌ಗಳನ್ನು ಮಾರ್ತಿದ್ರು, ಇಲ್ಲಾ ಹೆಸರು ಬದಲಿಸಿ ಕ್ರಿಪ್ಟೊ ಲೈವ್ ಓಡಿಸ್ತಿದ್ರು. 2024ರ ಸೆಪ್ಟೆಂಬರ್ 20ರಂದು ನಮ್ಮ ಸುಪ್ರೀಂ ಕೋರ್ಟಿನ ಚಾನೆಲ್ಲೇ ಹ್ಯಾಕ್ ಆಗಿ, ಅದರಾಗ ಕ್ರಿಪ್ಟೊ ವಿಡಿಯೊ ಬಂದಿತ್ತು.

ಗುರುತು ಹಿಡಿಯೋದು ಹಿಂಗ: ಒಪ್ಪಂದದ ಹೆಸರಿನಾಗ ಬಂದ ಕಡತ ಪಾಸ್‌ವರ್ಡ್ ಹಾಕಿದ ಜಿಪ್ ಆಗಿದ್ದು, ಒಳಗಿನ ಹೆಸರು .exe ಅಥವಾ .scr ಅಂತ ಮುಗಿದಿದ್ರೆ ಅದು ಒಪ್ಪಂದ ಅಲ್ಲ, ಪ್ರೋಗ್ರಾಂ. ಪಾಸ್‌ವರ್ಡ್ ಹಾಕೋದು ನಿಮ್ಮ ಸುರಕ್ಷೆಗಲ್ಲ, ವೈರಸ್ ತಪಾಸಣೆಯಿಂದ ತಪ್ಪಿಸ್ಕೊಳ್ಳಾಕ. ಮೇಲ್ ವಿಳಾಸ ಕಂಪನಿ ವೆಬ್‌ಸೈಟಿನದ್ದೇ ಹೌದಾ ನೋಡ್ರಿ. ರೊಕ್ಕ ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡ್ರಿ.

ನಿಮಗೂ ಇಂಥ ಮೇಲ್ ಬಂದಿದ್ರೆ ಕಡತ ತೆಗೀಬ್ಯಾಡ್ರಿ, ವಿಳಾಸದ ಸ್ಕ್ರೀನ್‌ಶಾಟ್ ಕಳಸ್ರಿ. ಮುಂದಿನ ಭಾಗದಾಗ ಕೂಡಿ ಬಿಡಿಸೋಣ.

#ಕೊಪ್ಪಳ #ಇರಕಲ್ಲಗಡ #ಕನ್ನಡಕ್ರಿಯೇಟರ್ಸ್