ಸಾಲಕ್ಕೆ ಮಾಲು ಕೊಟ್ಟಿದ್ದೀರಾ? ವಿನಿಮಯ ಬಿಲ್ ಬರೆದು ಬ್ಯಾಂಕಿನಿಂದ ಮೊದಲೇ ಹಣ ಪಡೆಯುವುದು ಹೇಗೆ? ಇಲ್ಲಿದೆ ಮಾಹಿತಿ

ಹೈದರಾಬಾದ್‌ನ ಬೇಗಂ ಬಜಾರ್‌ನಿಂದ ಬೀದರ್, ಕಲಬುರಗಿ, ರಾಯಚೂರಿನ ಅಂಗಡಿಗಳಿಗೆ ಸರಕು ಹೋಗುವುದು ಹೊಸ ಸಂಗತಿಯೇನಲ್ಲ. 1956ರವರೆಗೆ ಈ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯದ ಗಡಿ ಬದಲಾದರೂ ವ್ಯಾಪಾರದ ದಾರಿ ಬದಲಾಗಲಿಲ್ಲ. ಸಗಟು ವ್ಯಾಪಾರಿ ಮಾಲು ಕಳಿಸುತ್ತಾರೆ, ಅಂಗಡಿಯವರು ಎರಡು ಮೂರು ತಿಂಗಳು ಬಿಟ್ಟು ಹಣ ಕೊಡುತ್ತಾರೆ. ಅಲ್ಲಿಯವರೆಗೆ ಸಗಟು ವ್ಯಾಪಾರಿಯ ಬಂಡವಾಳ ಪರರ ಕಪಾಟಿನಲ್ಲಿ ಕೂತಿರುತ್ತದೆ. ಆ ಹಣವನ್ನು ಮೊದಲೇ ಪಡೆಯಲು ಇರುವ ಹಳೆಯ ದಾರಿಯೇ ವಿನಿಮಯ ಬಿಲ್.

ಅಂಗಡಿಯಲ್ಲಿ ಕೊಡುವ ಬಿಲ್ ಬೇರೆ, ಇದು ಬೇರೆ. ಅಂಗಡಿಯ ಬಿಲ್ ಎಂದರೆ ಇನ್‌ವಾಯ್ಸ್, ಅದು ಲೆಕ್ಕದ ಚೀಟಿ. ವಿನಿಮಯ ಬಿಲ್ ಎಂದರೆ, ಇಂಥ ದಿನ ಇಷ್ಟು ಹಣ ಕೊಡಿ ಎಂದು ಮಾರಿದವರು ಕೊಂಡವರಿಗೆ ಲಿಖಿತವಾಗಿ ನೀಡುವ, ಯಾವ ಷರತ್ತೂ ಇಲ್ಲದ ಆದೇಶ. ನಮ್ಮ ಹಿರಿಯರ ಹುಂಡಿಯೂ ಇದೇ ಜಾತಿಯದು (ದೇವಸ್ಥಾನದ ಹುಂಡಿಗೂ ಇದಕ್ಕೂ ಸಂಬಂಧವಿಲ್ಲ). ವಿನಿಮಯ ಬಿಲ್‌ಗೆ ಅನ್ವಯಿಸುವುದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ.

ಒಂದು ಉದಾಹರಣೆ

ಬೇಗಂ ಬಜಾರ್‌ನ ಸ್ಟೀಲ್ ಪಾತ್ರೆ ವ್ಯಾಪಾರಿಯೊಬ್ಬರು ಬೀದರ್‌ನ ಅಂಗಡಿಗೆ 2 ಲಕ್ಷ ರೂಪಾಯಿಯ ಮಾಲು ಮಾರಿದರು ಎಂದಿಟ್ಟುಕೊಳ್ಳಿ. ಹಣಕ್ಕೆ ಮೂರು ತಿಂಗಳ ಗಡುವು. ಮೇ 12ರ ದಿನಾಂಕ ಹಾಕಿ ಅವರು ಹೀಗೆ ಬಿಲ್ ಬರೆಯುತ್ತಾರೆ: "ಈ ದಿನಾಂಕದಿಂದ ಮೂರು ತಿಂಗಳ ನಂತರ ನಮಗೆ ಅಥವಾ ನಾವು ಸೂಚಿಸಿದವರಿಗೆ ಎರಡು ಲಕ್ಷ ರೂಪಾಯಿ ಕೊಡಿ. ಇದರ ಮೌಲ್ಯ ಸಂದಿದೆ." ಕೆಳಗೆ ತಮ್ಮ ಸಹಿ, ಪಕ್ಕದಲ್ಲಿ ಬೀದರ್ ಅಂಗಡಿಯ ಹೆಸರು ಮತ್ತು ವಿಳಾಸ. "ಮಾಲು ಮಾರಾಟವಾದರೆ ಕೊಡಿ" ಎಂದು ಬರೆದರೆ ಅದು ಷರತ್ತಾಗುತ್ತದೆ, ಆಗ ಅದು ವಿನಿಮಯ ಬಿಲ್ ಆಗುವುದಿಲ್ಲ.

ಅವಧಿ ಇರುವ ಬಿಲ್‌ಗೆ ಸ್ಟಾಂಪ್ ಎಷ್ಟು ಬೇಕು ಎಂಬುದನ್ನು ಸಹಿ ಹಾಕುವ ಮೊದಲೇ ಬ್ಯಾಂಕಿನಲ್ಲಿ ಕೇಳಿಕೊಳ್ಳಬೇಕು. ಸ್ಟಾಂಪ್ ಬೇಕಾದ ಬಿಲ್‌ನಲ್ಲಿ ಅದು ಇಲ್ಲದಿದ್ದರೆ ಕೋರ್ಟ್ ಅದನ್ನು ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಬೇರೆ ಹಲವು ದಸ್ತಾವೇಜುಗಳಂತೆ ದಂಡ ಕಟ್ಟಿ ಸರಿಪಡಿಸಲೂ ಇಲ್ಲಿ ಅವಕಾಶವಿಲ್ಲ.

ಸ್ವೀಕಾರವೇ ಬಿಲ್‌ನ ಜೀವ

ಇಷ್ಟಾದರೂ ಬೀದರ್ ಅಂಗಡಿಯವರು ಈ ಬಿಲ್‌ಗೆ ಇನ್ನೂ ಬದ್ಧರಲ್ಲ. ಅವರು ಬಿಲ್‌ನ ಮೇಲೆಯೇ "ಸ್ವೀಕರಿಸಲಾಗಿದೆ" ಎಂದು ಬರೆದು ಸಹಿ ಹಾಕಿದಾಗ ಮಾತ್ರ ಬಿಲ್‌ನ ಹಣಕ್ಕೆ ಹೊಣೆಯಾಗುತ್ತಾರೆ. ಫೋನಿನಲ್ಲಿ ಹೇಳಿದ "ಆಯ್ತು, ಕೊಡ್ತೀನಿ" ಸ್ವೀಕಾರವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಓಕೆಯೂ ಅಲ್ಲ. ಬಿಲ್ ಮುಂದಿಟ್ಟ ಮೇಲೆ ಯೋಚಿಸಲು ಅವರು ಕೇಳಿದರೆ, ಸಾರ್ವಜನಿಕ ರಜೆ ಬಿಟ್ಟು 48 ಗಂಟೆ ಸಮಯ ಕೊಡಬೇಕು. "ಒಂದೂವರೆ ಲಕ್ಷಕ್ಕೆ ಮಾತ್ರ ಸಹಿ ಹಾಕ್ತೀನಿ" ಎಂದರೆ ಅದು ಷರತ್ತಿನ ಸ್ವೀಕಾರ. ಅದನ್ನು ಒಪ್ಪದೆ, ಬಿಲ್ ತಿರಸ್ಕೃತವಾಗಿದೆ ಎಂದು ಪರಿಗಣಿಸುವ ಹಕ್ಕು ಮಾರಿದವರಿಗಿದೆ.

ಹಳೆಯ ಗಿರಾಕಿಯಾದರೆ ನೇರವಾಗಿ ಹೋಗಿ ಸಹಿ ಹಾಕಿಸಿಕೊಳ್ಳಬಹುದು. ಹೊಸಬರಾದರೆ ಬ್ಯಾಂಕಿನ ಮೂಲಕ ಹೋಗುವುದು ಲೇಸು. ಇನ್‌ವಾಯ್ಸ್ ಮತ್ತು ಲಾರಿ ರಸೀದಿ, ಅಂದರೆ ಟ್ರಾನ್ಸ್‌ಪೋರ್ಟ್‌ನವರ ಬಿಲ್ಟಿಯನ್ನು ಬಿಲ್ ಜತೆ ಸೇರಿಸಿ ಬ್ಯಾಂಕಿಗೆ ಕೊಟ್ಟರೆ ಅದು ಬೀದರ್ ಶಾಖೆಗೆ ಹೋಗುತ್ತದೆ. ಬಿಲ್ ಸ್ವೀಕರಿಸಿ ಸಹಿ ಹಾಕಿದ ಮೇಲಷ್ಟೇ ಬಿಲ್ಟಿ ಕೊಂಡವರ ಕೈಗೆ ಸಿಗುತ್ತದೆ. ಇದಕ್ಕೆ ಬಿಲ್ಟಿಯನ್ನು ಬ್ಯಾಂಕಿನ ಹೆಸರಿಗೆ ಮಾಡಿಸಿರಬೇಕು. ಅವರು ಸಹಿ ಹಾಕದಿದ್ದರೆ ಗೋದಾಮಿನ ಬಾಡಿಗೆ, ವಾಪಸ್ ಸಾಗಣೆ ಖರ್ಚು ತಲೆಗೆ ಬರಬಹುದು. ಆದರೆ ಮಾಲು ಕೈತಪ್ಪುವುದಿಲ್ಲ.

ಡಿಸ್ಕೌಂಟ್ ಲೆಕ್ಕ

ಮೂರು ತಿಂಗಳೆಂದರೆ ಆಗಸ್ಟ್ 12. ಅದರ ಮೇಲೆ ಕಾನೂನು ಮೂರು ದಿನದ ಹೆಚ್ಚುವರಿ ಕಾಲಾವಕಾಶ ಕೊಡುತ್ತದೆ, ಹಾಗಾಗಿ ಆಗಸ್ಟ್ 15. ಆ ದಿನ ಸ್ವಾತಂತ್ರ್ಯ ದಿನಾಚರಣೆಯ ರಜೆ. ರಜೆ ಬಂದರೆ ಗಡುವು ಮುಂದಕ್ಕೆ ಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಬಿಲ್ ವಿಷಯದಲ್ಲಿ ಹಾಗಲ್ಲ, ಅದು ಹಿಂದಿನ ಕೆಲಸದ ದಿನಕ್ಕೆ ಸರಿಯುತ್ತದೆ. ಅಂದರೆ ಆಗಸ್ಟ್ 14ಕ್ಕೇ ಹಣ ಕೊಡಬೇಕು.

ವ್ಯಾಪಾರಿಗೆ ಜೂನ್ 2ರಂದೇ ಹಣ ಬೇಕಾಯಿತು ಎನ್ನಿ. ಸ್ವೀಕಾರವಾದ ಬಿಲ್‌ನ ಹಿಂಬದಿ ಸಹಿ ಹಾಕಿ ಬ್ಯಾಂಕಿಗೆ ವರ್ಗಾಯಿಸುತ್ತಾರೆ. ಅಲ್ಲಿಂದ ಆಗಸ್ಟ್ 14ಕ್ಕೆ 73 ದಿನ. ಬ್ಯಾಂಕಿನ ದರ ವಾರ್ಷಿಕ ಶೇ 12 ಎಂದುಕೊಂಡರೆ, 2 ಲಕ್ಷಕ್ಕೆ ವರ್ಷದ ಬಡ್ಡಿ 24,000 ರೂಪಾಯಿ. 73 ದಿನವೆಂದರೆ ವರ್ಷದ ಐದನೇ ಒಂದು ಭಾಗ, ಹಾಗಾಗಿ 4,800 ರೂಪಾಯಿ. ಬ್ಯಾಂಕ್ ಇದನ್ನು ಮೊದಲೇ ಮುರಿದುಕೊಂಡು 1,95,200 ರೂಪಾಯಿ ಖಾತೆಗೆ ಹಾಕುತ್ತದೆ. ಸೇವಾ ಶುಲ್ಕ ಬೇರೆ. ಮಾಲಿನ ಬೆಲೆ ನಿಗದಿ ಮಾಡುವಾಗಲೇ ಈ ಖರ್ಚನ್ನು ಸೇರಿಸದಿದ್ದರೆ ಅದು ಲಾಭದಿಂದಲೇ ಹೋಗುತ್ತದೆ.

ಬಿಲ್ ಹಿಡಿದು ಹೋದ ಕೂಡಲೇ ಬ್ಯಾಂಕ್ ಹಣ ಎಣಿಸಿಕೊಡುವುದಿಲ್ಲ. ಮೊದಲು ಬಿಲ್ ಡಿಸ್ಕೌಂಟಿಂಗ್ ಮಿತಿ ಮಂಜೂರಾಗಬೇಕು. ಕೊಂಡವರ ಸಾಲದ ಚರಿತ್ರೆಯನ್ನೂ ಬ್ಯಾಂಕ್ ನೋಡುತ್ತದೆ. ಇನ್‌ವಾಯ್ಸ್, ಇ-ವೇ ಬಿಲ್, ಬಿಲ್ಟಿ ಒಂದಕ್ಕೊಂದು ತಾಳೆಯಾಗಬೇಕು. ಮಾಲೇ ಹೋಗದೆ ಇಬ್ಬರು ಪರಿಚಿತರು ಪರಸ್ಪರರ ಮೇಲೆ ಬರೆದುಕೊಳ್ಳುವ ಬಿಲ್‌ಗಳೂ ಇವೆ. ಒಂದರ ಹಣದಿಂದ ಇನ್ನೊಂದನ್ನು ತೀರಿಸುವ ಈ ಆಟವನ್ನು ತಡೆಯಲೆಂದೇ ಬ್ಯಾಂಕ್ ಸಾಗಣೆಯ ಕಾಗದ ಕೇಳುವುದು.

ಕೊಂಡವರು ಹಣ ಕೊಡದಿದ್ದರೆ?

ಬಿಲ್ ಬ್ಯಾಂಕಿಗೆ ಕೊಟ್ಟ ಮೇಲೆ ತಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುವವರು ಎಡವುವುದು ಇಲ್ಲೇ. ಸಾಮಾನ್ಯವಾಗಿ ಡಿಸ್ಕೌಂಟ್ ಆಗುವುದು ಬ್ಯಾಂಕ್ ಮಾರಿದವರಿಂದಲೇ ಹಣ ಹಿಂಪಡೆಯಬಹುದು ಎಂಬ ಷರತ್ತಿನ ಮೇಲೆ. ಆಗಸ್ಟ್ 14ಕ್ಕೆ ಬೀದರ್‌ನಿಂದ ಹಣ ಬಾರದಿದ್ದರೆ ಬ್ಯಾಂಕ್ ನೋಟಿಸ್ ಕೊಟ್ಟು, ವ್ಯಾಪಾರಿಯ ಖಾತೆಯಿಂದ 1,95,200 ಅಲ್ಲ, ಪೂರ್ತಿ 2 ಲಕ್ಷ ಹಾಗೂ ಖರ್ಚನ್ನು ಕಡಿತ ಮಾಡುತ್ತದೆ. ಬಂದ ಹಣವನ್ನೆಲ್ಲ ಹೊಸ ಸರಕಿಗೆ ಹಾಕಿ ಖಾತೆ ಖಾಲಿ ಮಾಡಿಕೊಂಡವರಿಗೆ ಇದು ದೊಡ್ಡ ಹೊಡೆತ. ಗಡುವಿನವರೆಗೂ ಆ ಮೊತ್ತವನ್ನು ತಮ್ಮ ಸಾಲವೆಂದೇ ಲೆಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆ ಬಳಿಕ ಬಿಲ್ ವಾಪಸ್ ಪಡೆದು ಕೊಂಡವರ ಮೇಲೆ ವಸೂಲಿಗೆ ಹೋಗಬಹುದು. ಚೆಕ್ ಬೌನ್ಸ್‌ಗೆ ಹಾಕುವ ಸೆಕ್ಷನ್ 138ರ ಕ್ರಿಮಿನಲ್ ಕೇಸು ವಿನಿಮಯ ಬಿಲ್‌ಗೆ ಅನ್ವಯಿಸುವುದಿಲ್ಲ. ಇರುವುದು ಸಿವಿಲ್ ದಾವೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರಡಿ ಸಂಕ್ಷಿಪ್ತ ದಾವೆ ಹೂಡಬಹುದು. ಅಲ್ಲಿ ಎದುರಾಳಿ ವಾದ ಮಂಡಿಸಲು ಮೊದಲು ಕೋರ್ಟಿನ ಅನುಮತಿ ಕೇಳಬೇಕು. ಬಿಲ್‌ನಲ್ಲಿ ಬಡ್ಡಿ ದರ ಬರೆದಿಲ್ಲದಿದ್ದರೆ ಕಾಯ್ದೆ ಪ್ರಕಾರ ವಾರ್ಷಿಕ ಶೇ 18 ಕೇಳಬಹುದು. ಹಣ ಬಾರದ ಕೂಡಲೇ ನೋಟರಿಯ ಬಳಿ ಬಿಲ್ ಒಯ್ದು ತಿರಸ್ಕಾರವನ್ನು ಬರೆಸಿಕೊಂಡರೆ, ಅಂದರೆ ನೋಟಿಂಗ್ ಮಾಡಿಸಿದರೆ, ಸಾಕ್ಷ್ಯ ಗಟ್ಟಿಯಾಗುತ್ತದೆ.

"ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಎಂಬ ಕಾನೂನಿದೆಯಲ್ಲ, ಬಿಲ್ ಯಾಕೆ?" ಎಂದು ಕೇಳಬಹುದು. ಅದು ಉತ್ಪಾದಕರು ಮತ್ತು ಸೇವೆ ಒದಗಿಸುವವರಿಗೆ ಸಿಗುವ ರಕ್ಷಣೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟಿತಾದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಿತು. ಮಾಲು ಕೊಂಡು ಮಾರುವ ವ್ಯಾಪಾರಿ ತಡವಾದ ಹಣಕ್ಕೆ ಆ ಕಾನೂನನ್ನು ನೆಚ್ಚಿಕೊಳ್ಳುವಂತಿಲ್ಲ. ಅವರ ಕೈಯಲ್ಲಿ ಉಳಿಯುವುದು ಕೊಂಡವರ ಸಹಿ ಇರುವ ಬಿಲ್.