20 ಬೈಟಿನ ಬ್ಯಾಕಪ್: ರಾತ್ರಿ ಕೆಲಸಗಳ ಪಾಸ್‌ವರ್ಡ್ ಬದಲಿಸೋದರ ಹಿಂದಿನ ಇತಿಹಾಸ

ಈ ಸಂಚಿಕೆ ಶುರುವಾಗೋದು ನನ್ನದೇ ಒಂದು ದಡ್ಡತನದಿಂದ. ಎರಡು ವರ್ಷದ ಹಿಂದಿನ ಮಾತು. ನಮ್ಮ ಪಾಡ್‌ಕಾಸ್ಟ್‌ಗೆ ಚಂದಾ ಕೊಡೋ ಕೇಳುಗರ ಪಟ್ಟಿ, ಯಾರು ಯಾವ ತಿಂಗಳು ಎಷ್ಟು ಕಳಿಸಿದ್ರು ಅನ್ನೋ ಲೆಕ್ಕ, ಎಲ್ಲಾ ಬಾಡಿಗೆಗೆ ತಗೊಂಡ ಒಂದು ಸಣ್ಣ ಸರ್ವರ್‌ನಲ್ಲಿ, ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಇತ್ತು. ನನ್ನ ಜೊತೆ ಎಡಿಟಿಂಗ್ ಮಾಡ್ತಿದ್ದ ಗೆಳೆಯ ಬೇರೆ ಕೆಲಸಕ್ಕೆ ಹೋದ. ಅವನ ಹತ್ತಿರ ಡೇಟಾಬೇಸ್ ಪಾಸ್‌ವರ್ಡ್ ಇತ್ತು. ಜಗಳ ಏನಿಲ್ಲ, ಆದ್ರೆ ಬದಲಾಯಿಸೋದು ಒಳ್ಳೇದು ಅಂತ ಒಂದು ಬುಧವಾರ ಬದಲಾಯಿಸಿದೆ. ವೆಬ್‌ಸೈಟ್‌ನ ಸೆಟ್ಟಿಂಗ್ಸ್‌ನಲ್ಲೂ ಹೊಸದನ್ನ ಹಾಕಿದೆ. ಸೈಟ್ ಚೆನ್ನಾಗಿ ತೆರೆದುಕೊಳ್ತು. ಮುಗೀತು ಅಂದುಕೊಂಡು ಚಹಾ ಕುಡಿಯೋಕೆ ಹೋದೆ.

ಹನ್ನೆರಡು ದಿನ ಆದಮೇಲೆ, ಯಾವುದೋ ಹೆಸರು ತಿದ್ದೋಕೆ ಹೋಗಿ ಒಂದು ತಿಂಗಳ ಪಾವತಿಯ ಸಾಲುಗಳನ್ನೆಲ್ಲ ಅಳಿಸಿಬಿಟ್ಟೆ. ಗಾಬರಿ ಆಗಲಿಲ್ಲ. ದಿನಾ ರಾತ್ರಿ 2:30ಕ್ಕೆ ಬ್ಯಾಕಪ್ ಆಗತ್ತಲ್ಲ! ಫೋಲ್ಡರ್ ತೆಗೆದು ನೋಡಿದ್ರೆ ಒಂದು ವಾರದ ಫೈಲುಗಳು ಸಾಲಾಗಿ ಕೂತಿವೆ, ಹೆಸರು ತಾರೀಕು ಎಲ್ಲಾ ಸರಿ. ಆದ್ರೆ ಪ್ರತಿಯೊಂದರ ಗಾತ್ರ 20 ಬೈಟ್. ನಿನ್ನೆಯದೂ 20, ಮೊನ್ನೆಯದೂ 20.

ಆಗಿದ್ದು ಇಷ್ಟು. ಬ್ಯಾಕಪ್ ಕೆಲಸ ವೆಬ್‌ಸೈಟ್‌ನ ಸೆಟ್ಟಿಂಗ್ಸ್ ನೋಡೋದೇ ಇಲ್ಲ. ಅದಕ್ಕೆ ಅದರದ್ದೇ ಒಂದು ಫೈಲ್ ಇತ್ತು, `/root/.my.cnf` ಅಂತ. ಅಲ್ಲಿ ಹಳೇ ಪಾಸ್‌ವರ್ಡ್ ಹಾಗೇ ಉಳಿದಿತ್ತು. ಕೆಲಸದ ಸಾಲು ಹೀಗಿತ್ತು:

```
mysqldump podcast | gzip > /backup/$(date +\%F).sql.gz
```

`mysqldump` ಗೆ ಒಳಗೆ ಬಿಡಲಿಲ್ಲ, 1045 ಅನ್ನೋ ದೋಷ ಹೇಳಿ ನಿಂತುಹೋಯ್ತು. ಆದ್ರೆ ಅದರ ಮುಂದಿನ `gzip` ಗೆ ಏನು ಗೊತ್ತು ಪಾಪ? ಖಾಲಿ ಬಂದದ್ದನ್ನ ಖಾಲಿಯಾಗೇ ಕಟ್ಟಿ ಇಟ್ಟಿತು. ಏನೂ ಇಲ್ಲದ್ದನ್ನ `gzip` ಕಟ್ಟಿದ್ರೆ ಬರೋ ಫೈಲ್ ಸರಿಯಾಗಿ 20 ಬೈಟ್. ಸಾಲಿನ ಕೊನೆಯ ಕೆಲಸ ಯಶಸ್ವಿ ಆದ್ದರಿಂದ ಇಡೀ ಸಾಲು ಯಶಸ್ವಿ ಅಂತ ಲೆಕ್ಕ. ದೋಷದ ಮಾತು ಸರ್ವರ್ ಒಳಗಿನ ಅಂಚೆಪೆಟ್ಟಿಗೆಗೆ ದಿನಾ ಬಂದು ಬೀಳ್ತಿತ್ತು. ಅದನ್ನ ನಾನು ಯಾವತ್ತೂ ತೆರೆದವನಲ್ಲ. ಇನ್ನೊಂದು ಕೆಲಸ ಏಳು ದಿನಕ್ಕಿಂತ ಹಳೆಯ ಬ್ಯಾಕಪ್‌ಗಳನ್ನ ಅಳಿಸ್ತಿತ್ತು. ಅದಕ್ಕೆ ಪಾಸ್‌ವರ್ಡೇ ಬೇಡ, ಹಾಗಾಗಿ ಅದು ಮಾತ್ರ ತಪ್ಪದೆ ನಡೀತು. ನನ್ನ ಕೊನೆಯ ಒಳ್ಳೇ ಬ್ಯಾಕಪ್ ಅನ್ನ ಅದೇ ಅಳಿಸಿದ್ದು. ಬಿಕಾಂನಲ್ಲಿ ಕಲಿತ ಬ್ಯಾಂಕ್ ರೀಕನ್ಸಿಲಿಯೇಶನ್ ಆವತ್ತು ಉಪಯೋಗಕ್ಕೆ ಬಂತು. ಪಾಸ್‌ಬುಕ್ ಇಟ್ಕೊಂಡು ಎರಡು ರಾತ್ರಿ ಕೂತು ಸಾಲುಗಳನ್ನ ಮತ್ತೆ ಬರೆದೆ.

ಆಮೇಲೆ ಒಂದು ಪ್ರಶ್ನೆ ತಲೇಲಿ ಉಳೀತು. ಯಾರೂ ಎದುರಿಗೆ ಕೂತಿರದ ಕೆಲಸದ ಬೀಗದ ಕೈ ಬದಲಾಯಿಸೋದು ಹೇಗೆ ಅಂತ ಮೊದಲು ಯೋಚಿಸಿದವರು ಯಾರು?

ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸೋ ಕ್ರಾನ್ 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲೇ ಇತ್ತು. ಪಾಸ್‌ವರ್ಡ್ ಅದಕ್ಕಿಂತ ಹಳೇದು, ಮನುಷ್ಯರಿಗಾಗಿ ಹುಟ್ಟಿದ್ದು. ಮನುಷ್ಯ ಹಳೇ ಪಾಸ್‌ವರ್ಡ್ ಒತ್ತಿದ್ರೆ "ಅಯ್ಯೋ, ನಿನ್ನೆ ಬದಲಾಯಿಸಿದ್ನಲ್ಲ" ಅಂತ ಹೊಸದನ್ನ ಒತ್ತುತ್ತಾನೆ. ಕ್ರಾನ್‌ನಲ್ಲಿ ಓಡೋ ಕೆಲಸಕ್ಕೆ ಆ ನೆನಪಿಲ್ಲ. ಅದಕ್ಕೆ ಬರೆದಿಟ್ಟದ್ದೇ ಗತಿ.

ಇದಕ್ಕೆ ಒಂದು ಅಚ್ಚುಕಟ್ಟಾದ ಉತ್ತರ ನನಗೆ ಸಿಕ್ಕಿದ್ದು ಅಮೆರಿಕದ ಎಂಐಟಿಯಲ್ಲಿ. 1983ರಲ್ಲಿ ಅಲ್ಲಿ ಅಥೇನಾ ಅನ್ನೋ ಯೋಜನೆ ಶುರುವಾಯ್ತು, ಕ್ಯಾಂಪಸ್ ತುಂಬಾ ಕಂಪ್ಯೂಟರ್ ಹರಡೋದಕ್ಕೆ. ಅದರೊಳಗಿಂದ ಬಂದದ್ದು ಕೆರ್ಬೆರೋಸ್. 1988ರಲ್ಲಿ ಅದರ ಬಗ್ಗೆ ಪ್ರಬಂಧ ಬಂತು, 1993ರಲ್ಲಿ ಐದನೇ ಆವೃತ್ತಿಯ ವಿವರ ಅಧಿಕೃತವಾಗಿ ಪ್ರಕಟವಾಯ್ತು.

ಅದು ಕೆಲಸ ಮಾಡೋ ರೀತಿ ಬಸ್ ಪಾಸ್ ಥರ. ನೀವು ಒಂದು ಕೇಂದ್ರ ಸರ್ವರ್ ಹತ್ರ ಹೋಗಿ ಟಿಕೆಟ್ ತಗೋತೀರಿ. ಪ್ರಿಂಟರ್‌ಗೆ ಹೋಗೋ ಟಿಕೆಟ್ ಆದ್ರೆ, ಪ್ರಿಂಟರ್ ಸೇವೆಯ ಗುಟ್ಟಿನ ಕೀಲಿಯಿಂದ ಅದಕ್ಕೆ ಮುದ್ರೆ ಹಾಕಿರ್ತಾರೆ. ಟಿಕೆಟ್ ಕೆಲವು ಗಂಟೆ ನಡೆಯತ್ತೆ. ಈಗ ಪ್ರಿಂಟರ್‌ನ ಕೀಲಿಯನ್ನ ಮಧ್ಯಾಹ್ನ ಬದಲಾಯಿಸಿದ್ರಿ ಅಂದುಕೊಳ್ಳಿ. ಬೆಳಿಗ್ಗೆ ಟಿಕೆಟ್ ತಗೊಂಡವರ ಗತಿ? ಅದರ ಮೇಲಿರೋದು ಹಳೇ ಕೀಲಿಯ ಮುದ್ರೆ. ಹೊಸ ಕೀಲಿಯಿಂದ ಅದು ಬಿಚ್ಚಿಕೊಳ್ಳೋಲ್ಲ.

ಅವರು ಮಾಡಿದ ಉಪಾಯ ಬಹಳ ಸರಳ. ಪ್ರತಿ ಕೀಲಿಗೂ ಒಂದು ನಂಬರ್ ಕೊಟ್ರು. ಅದನ್ನ ಈಗಲೂ `kvno` ಅಂತಾರೆ. ಟಿಕೆಟ್ ಜೊತೆಗೇ ಆ ನಂಬರ್ ಇರತ್ತೆ. ಸೇವೆ ನಡೆಸೋ ಯಂತ್ರದ ಕೀಲಿ ಫೈಲ್‌ನಲ್ಲಿ, ಅಂದ್ರೆ ಕೀಟ್ಯಾಬ್‌ನಲ್ಲಿ, 3ನೇ ಕೀಲಿ 4ನೇ ಕೀಲಿ ಎರಡನ್ನೂ ಇಟ್ಟಿರಬಹುದು. 3 ಅಂತ ಬಂದ ಟಿಕೆಟ್‌ಗೆ ಹಳೇದು, 4 ಅಂತ ಬಂದದ್ದಕ್ಕೆ ಹೊಸದು. 3ರ ಮುದ್ರೆ ಇರೋ ಕೊನೆಯ ಟಿಕೆಟ್‌ನ ಅವಧಿ ಮುಗಿದಮೇಲೆ 3ನ್ನ ತೆಗೆದುಹಾಕಿದ್ರಾಯ್ತು. ಎಷ್ಟು ದಿನ ಇಡಬೇಕು ಅನ್ನೋದು ಊಹೆಯ ಮಾತಲ್ಲ, ಟಿಕೆಟ್‌ನ ಆಯಸ್ಸೇ ಅದನ್ನ ಹೇಳತ್ತೆ.

ಹಾಗಂತ ಅಲ್ಲಿ ಎಡವಟ್ಟು ಇರಲಿಲ್ಲ ಅಂತಲ್ಲ. ಕೀಲಿಯನ್ನ ಫೈಲ್‌ಗೆ ಬರೆಯೋ ಆಜ್ಞೆ `ktadd`. ಹೆಸರು ಕೇಳಿದ್ರೆ ಇರೋ ಕೀಲಿಯ ನಕಲು ತೆಗೆಯತ್ತೆ ಅನ್ಸತ್ತೆ. ಬೇರೆ ಏನೂ ಹೇಳದಿದ್ರೆ ಅದು ಹೊಸ ಕೀಲಿಯನ್ನೇ ಹುಟ್ಟಿಸತ್ತೆ. ಒಂದೇ ಕೀಲಿ ಎರಡು ಯಂತ್ರಕ್ಕೂ ಬೇಕು ಅಂತ ಎರಡನೇದರಲ್ಲಿ `ktadd` ಮಾಡಿದ್ರೆ, ಮೊದಲನೇ ಯಂತ್ರದ ಫೈಲ್ ಆ ಕ್ಷಣಕ್ಕೇ ಹಳಸಿಹೋಗತ್ತೆ. ಆದ್ರೆ ಅಲ್ಲಿನ ರಾತ್ರಿ ಕೆಲಸದ ಕೈಯಲ್ಲಿ ಇನ್ನೂ ಅವಧಿ ಇರೋ ಟಿಕೆಟ್ ಇದ್ರೆ ಅದು ಸುಮ್ಮನೆ ನಡೀತಾ ಇರತ್ತೆ. ಟಿಕೆಟ್ ತೀರಿ ಹೊಸದು ಕೇಳೋಕೆ ಹೋದಾಗಲೇ ಬೀಳೋದು. ತಪ್ಪು ಮಾಡಿದ್ದು ಮಧ್ಯಾಹ್ನ, ಬಿದ್ದದ್ದು ಮಧ್ಯರಾತ್ರಿ. ನನ್ನ ಬುಧವಾರದ ಕತೆಯೂ ಅದೇ ಜಾತಿಯದ್ದು.

ಎರಡೂ ಕೆಲವು ಕಾಲ ನಡೆಯಲಿ ಅನ್ನೋ ಈ ಉಪಾಯ ಕಾಮರ್ಸ್ ಓದಿದವರಿಗೆ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕ್‌ನಲ್ಲಿ ವಿಲೀನ ಆಯ್ತಲ್ಲ, ಆವತ್ತೇ ಹಳೇ ಐಎಫ್‌ಎಸ್‌ಸಿ ಸಂಖ್ಯೆಗಳನ್ನ ಸಾಯಿಸಲಿಲ್ಲ. SYNB ಅಂತ ಶುರುವಾಗೋ ಸಂಖ್ಯೆಗಳು ನಿಂತದ್ದು 2021ರ ಜುಲೈ 1ರಿಂದ. ಐಎಫ್‌ಎಸ್‌ಸಿ ಗುಟ್ಟೇನಲ್ಲ, ಒಪ್ಪಿದೆ. ಆದ್ರೆ ಯಾವುದೋ ಕಚೇರಿಯ ಸಂಬಳದ ಪಟ್ಟಿಯಲ್ಲಿ ಕೂತು ತಿಂಗಳಿಗೊಮ್ಮೆ ಮಾತ್ರ ಓಡೋ ಸಂಖ್ಯೆ ಅದು. ಹದಿನೈದು ತಿಂಗಳು ಕೊಟ್ಟದ್ದು ಅಂಥವುಗಳಿಗೆ.

ನಾನು ಬಳಸೋ ಮೈಎಸ್‌ಕ್ಯೂಎಲ್‌ಗೆ ಈ ಸೌಲಭ್ಯ ಬಂದದ್ದು ತಡವಾಗಿ, 2019ರ ಜನವರಿಯ 8.0.14 ಆವೃತ್ತಿಯಲ್ಲಿ. ಒಬ್ಬ ಬಳಕೆದಾರನಿಗೆ ಒಟ್ಟಿಗೆ ಎರಡು ಪಾಸ್‌ವರ್ಡ್.

```
ALTER USER 'backup'@'localhost'
  IDENTIFIED BY 'ಹೊಸದು' RETAIN CURRENT PASSWORD;

ALTER USER 'backup'@'localhost' DISCARD OLD PASSWORD;
```

ಮೊದಲನೇದನ್ನ ಹೊಡೆದ ಕ್ಷಣದಿಂದ ಹಳೇದೂ ನಡೆಯತ್ತೆ, ಹೊಸದೂ ನಡೆಯತ್ತೆ. ಎರಡನೇದು ಹಳೇದನ್ನ ಕೊಲ್ಲತ್ತೆ. ಇವೆರಡರ ನಡುವೆ ಏನು ಮಾಡ್ತೀರಿ ಅನ್ನೋದರಲ್ಲೇ ಎಲ್ಲಾ ಇರೋದು.

ಮೊನ್ನೆ ನಾನು ಮಾಡಿದ್ದನ್ನೇ ಹೇಳ್ತೀನಿ. ನನ್ನ ಹತ್ರ ಈ ಹೆಸರಲ್ಲಿ ಎರಡು ಕೆಲಸ ಇವೆ: ರಾತ್ರಿ 2:30ರ ಬ್ಯಾಕಪ್, ಮತ್ತೆ ಪ್ರತಿ ತಿಂಗಳ 1ನೇ ತಾರೀಕು ಚಂದಾ ಲೆಕ್ಕದ ಪಟ್ಟಿ ತೆಗೆಯೋ ಕೆಲಸ. 3ನೇ ತಾರೀಕು ಬೆಳಿಗ್ಗೆ ಮೊದಲನೇ ಸಾಲು ಹೊಡೆದೆ. ಆಮೇಲೆ `.my.cnf` ಬದಲಾಯಿಸಿದೆ, ಅದನ್ನೇ ತೆರೆದು ತಿದ್ದಲಿಲ್ಲ. ಪಕ್ಕದಲ್ಲಿ ಹೊಸ ಫೈಲ್ ಬರೆದು, `chmod 600` ಮಾಡಿ, `mv` ಇಂದ ಹಳೇದರ ಜಾಗಕ್ಕೆ ತಂದೆ. ಹಾಗೆ ಮಾಡಿದ್ರೆ ಅದೇ ಹೊತ್ತಿಗೆ ಎದ್ದ ಕೆಲಸ ಅರ್ಧ ಬರೆದ ಫೈಲ್ ಓದೋ ಪ್ರಸಂಗ ಬರೋಲ್ಲ. ಆಮೇಲೆ ಬ್ಯಾಕಪ್ ಅನ್ನ ಕೈಯಾರೆ ಓಡಿಸಿದೆ, 2:30ರ ತನಕ ಕಾಯಲಿಲ್ಲ. ಫೈಲ್ ಸರಿ ಇದೆಯಾ ಅಂತ `gzip -t` ಕೇಳಿದ್ರೆ ಮೋಸ ಹೋಗ್ತೀರಿ, ಯಾಕಂದ್ರೆ ಖಾಲಿ ಫೈಲ್ ಕೂಡ ಅದರ ಲೆಕ್ಕದಲ್ಲಿ ಸರಿಯೇ. ಕೊನೆಯ ಸಾಲು ನೋಡ್ಬೇಕು:

```
zcat /backup/$(date +%F).sql.gz | tail -1
```

ಅಲ್ಲಿ `-- Dump completed` ಅಂತ ಇದ್ರೆ ಪೂರ್ತಿ ಬಂದಿದೆ ಅಂತ ಅರ್ಥ. ಕ್ರಾನ್ ಸಾಲನ್ನೂ ಒಂದು ಬ್ಯಾಶ್ ಸ್ಕ್ರಿಪ್ಟ್‌ಗೆ ಸಾಗಿಸಿ, ಮೇಲೆ `set -o pipefail` ಹಾಕಿದೀನಿ. ಮೊದಲ ಕೆಲಸ ಬಿದ್ರೆ ಈಗ ಇಡೀ ಸಾಲು ಬೀಳತ್ತೆ. ಅಳಿಸೋ ಕೆಲಸ ಬ್ಯಾಕಪ್ ಗೆದ್ದಮೇಲೆ ಮಾತ್ರ ಓಡತ್ತೆ.

ಎರಡನೇ ಸಾಲನ್ನ ಆವತ್ತೇ ಹೊಡೀಲಿಲ್ಲ. ಅತಿ ನಿಧಾನದ ಕೆಲಸ ಒಂದು ಸುತ್ತು ಮುಗಿಸಲಿ ಅಂತ ಮುಂದಿನ ತಿಂಗಳ 1 ಕಳೆಯೋ ತನಕ ಬಿಟ್ಟೆ. ಇಲ್ಲಿ ಒಂದು ಮಿತಿ ಗೊತ್ತಿರಲಿ. ಜಾಗ ಇರೋದು ಎರಡೇ ಪಾಸ್‌ವರ್ಡ್‌ಗೆ. ನಡುವೆ ತಡೆಯಲಾರದೆ ಇನ್ನೊಮ್ಮೆ RETAIN ಅಂತ ಬದಲಾಯಿಸಿದ್ರೆ, ಮೊದಲಿನ ಹಳೇದು ಸದ್ದಿಲ್ಲದೆ ಹೋಗತ್ತೆ, ತಿಂಗಳ ಕೆಲಸ ಅದನ್ನೇ ಹಿಡ್ಕೊಂಡಿದ್ರೆ 1ನೇ ತಾರೀಕು ಬೀಳತ್ತೆ.

ಇನ್ನೊಂದು ತೊಡಕು ನನಗೆ ಇವತ್ತಿಗೂ ಇಷ್ಟ ಇಲ್ಲದ್ದು. ಎರಡೂ ನಡೆಯೋ ದಿನಗಳಲ್ಲಿ ನೀವು ಮರೆತ ಕೆಲಸ ಕೂಡ ಹಳೇ ಪಾಸ್‌ವರ್ಡ್‌ನಲ್ಲೇ ಆರಾಮಾಗಿ ಓಡ್ತಾ ಇರತ್ತೆ. ಮರೆವು ಗೊತ್ತಾಗೋದು ಹಳೇದನ್ನ ಕೊಂದಮೇಲೆ. ಅದಕ್ಕೇ ಈಗ ಪ್ರತಿ ಕೆಲಸಕ್ಕೂ ಬೇರೆ ಬಳಕೆದಾರನ ಹೆಸರು ಕೊಡ್ತಾ ಇದೀನಿ. ಒಂದರ ಪಾಸ್‌ವರ್ಡ್ ಮುಟ್ಟಿದ್ರೆ ಇನ್ನೊಂದಕ್ಕೆ ತಾಗೋಲ್ಲ.

ಮತ್ತೆ, ಈ ನಿಧಾನ ಎಲ್ಲಾ ಗುಟ್ಟು ಹೊರಗೆ ಹೋಗಿಲ್ಲದಿದ್ದಾಗ. 2023ರ ಜನವರಿ 4ರಂದು ಸರ್ಕಲ್‌ಸಿಐ ಅನ್ನೋ ಕಂಪನಿ, ತನ್ನಲ್ಲಿ ಇಟ್ಟಿರೋ ಎಲ್ಲಾ ಗುಟ್ಟುಗಳನ್ನ ಬದಲಾಯಿಸಿ ಅಂತ ಗ್ರಾಹಕರಿಗೆ ಹೇಳ್ತು. ಅವರ ಎಂಜಿನಿಯರ್ ಒಬ್ಬರ ಲ್ಯಾಪ್‌ಟಾಪ್‌ಗೆ ಡಿಸೆಂಬರ್‌ನಲ್ಲೇ ಕುತಂತ್ರಾಂಶ ಹೊಕ್ಕಿತ್ತು. ಅಂಥ ದಿನ ಹಳೇದನ್ನ ಒಂದು ತಿಂಗಳು ಬದುಕಿಸೋದು ಅಂದ್ರೆ ಕಳ್ಳನಿಗೂ ಒಂದು ತಿಂಗಳು ಕೊಟ್ಟ ಹಾಗೆ. ಮೊದಲು ಹಳೇದನ್ನ ರದ್ದು ಮಾಡಿ, ಬಿದ್ದ ಕೆಲಸಗಳನ್ನ ಒಂದೊಂದಾಗಿ ಕೈಯಾರೆ ಎಬ್ಬಿಸ್ಬೇಕು. ಯಾವ ಕೆಲಸ ಯಾವ ಫೈಲ್ ಓದತ್ತೆ ಅನ್ನೋ ಪಟ್ಟಿ ಇಲ್ಲದವರಿಗೆ ಅದು ದೊಡ್ಡ ರಾತ್ರಿ. ನನ್ನ ಪಟ್ಟಿ ಈಗ ಒಂದು ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿದೆ, ಐದು ಸಾಲು.

1ನೇ ತಾರೀಕಿನ ಪಟ್ಟಿ ಸರಿಯಾಗಿ ಬಂತು. 2ನೇ ತಾರೀಕು ಬೆಳಿಗ್ಗೆ ಹತ್ತಕ್ಕೆ, ಎಲ್ಲರೂ ಎಚ್ಚರ ಇರೋ ಹೊತ್ತಲ್ಲಿ, DISCARD ಹೊಡೆದೆ. ತಕ್ಷಣ ಎರಡೂ ಕೆಲಸಗಳನ್ನ ಮತ್ತೊಮ್ಮೆ ಓಡಿಸಿ ನೋಡಿದೆ. ರಾತ್ರಿ 2:30ಕ್ಕೆ ಅಲಾರಂ ಇಟ್ಟಿದ್ದೆ, ಅದೊಂದು ಅತಿ ಆಯ್ತೇನೋ. ಫೈಲ್ 11 ಎಂಬಿ ಇತ್ತು. ಮಲಗಿದೆ.