ಡಿಸಿಎಂ ಸ್ಟಾಪಿನಲ್ಲಿ ಇಳಿದವರು ಎಲ್ಲಿಗೆ ಹೋದರು?

ದಾವಣಗೆರೆಯಲ್ಲಿ ಆಟೋದವರಿಗೆ ‘ಡಿಸಿಎಂ’ ಅಂದರೆ ಸಾಕು, ಮುಂದೆ ಹೇಳಬೇಕಿಲ್ಲ. ಹೊರಗಿನಿಂದ ಬಂದ ಗೆಳೆಯನೊಬ್ಬ ಒಮ್ಮೆ ‘ಉಪಮುಖ್ಯಮಂತ್ರಿಗಳ ಹೆಸರಲ್ಲಿ ಬಡಾವಣೆ ಮಾಡ್ಯಾರೇನು?’ ಎಂದು ಕೇಳಿದ್ದ. ಅವನು ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆ ಮೂರು ಅಕ್ಷರ ದಾವಣಗೆರೆ ಕಾಟನ್ ಮಿಲ್ಸ್‌ನ ಗುರುತು ಎಂಬುದು ಈಗ ಡಿಸಿಎಂ ಟೌನ್‌ಶಿಪ್‌ನಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗರಿಗೂ ಗೊತ್ತಿಲ್ಲ. ಮಿಲ್ಲು ಹೋಗಿದೆ, ಹೆಸರು ಉಳಿದಿದೆ.

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ನಾವೆಲ್ಲ ಓದಿದ್ದೇವೆ: ನೆಲದಿಂದ ನೇರವಾಗಿ ತೆಗೆಯುವುದು ಪ್ರಾಥಮಿಕ ವಲಯ, ಅದನ್ನು ವಸ್ತುವಾಗಿ ಮಾಡುವುದು ದ್ವಿತೀಯ, ಸಾಗಿಸುವುದು, ಮಾರುವುದು, ಕಲಿಸುವುದು, ಶುಶ್ರೂಷೆ ಮಾಡುವುದು ತೃತೀಯ. ಸಂಶೋಧನೆ, ಸಾಫ್ಟ್‌ವೇರ್‌ನಂಥ ಅರಿವಿನ ಕೆಲಸಗಳಿಗೆ ನಾಲ್ಕನೆಯದೊಂದು ಹೆಸರನ್ನು ಆಮೇಲೆ ಸೇರಿಸಿದರು. ದೇಶ ಬೆಳೆದಂತೆ ಜನ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾರೆ ಎಂಬ ಮಾತನ್ನು 1935ರಲ್ಲಿ ಅಲನ್ ಫಿಷರ್, 1940ರಲ್ಲಿ ಕಾಲಿನ್ ಕ್ಲಾರ್ಕ್ ಪುಸ್ತಕ ಬರೆದು ಗಟ್ಟಿ ಮಾಡಿದರು. ಪಾಠದಲ್ಲಿ ಅದನ್ನು ಮೆಟ್ಟಿಲಿನಂತೆ ಬರೆದಿರುತ್ತಾರೆ. ನಮ್ಮೂರಿನಲ್ಲಿ ಆ ಮೆಟ್ಟಿಲು ಹತ್ತಿದವರು ಯಾರು, ಜಾರಿದವರು ಯಾರು ಎಂದು ನೋಡುವುದಕ್ಕೆ ಹತ್ತಿಯನ್ನೇ ಹಿಂಬಾಲಿಸಬೇಕು.

ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿದ್ದ ಕಾಲ. ಗಾಡಿಯಲ್ಲಿ ಬಂದ ಹತ್ತಿ ದಲ್ಲಾಳಿ ಅಂಗಡಿಯಲ್ಲಿ ತೂಕವಾಗಿ ಜಿನ್ನಿಂಗ್ ಫ್ಯಾಕ್ಟರಿಗೆ ಹೋಗುತ್ತಿತ್ತು. ಅಲ್ಲಿ ಬೀಜ ಬೇರೆ, ಅರಳೆ ಬೇರೆ. ಒಂದು ಕ್ವಿಂಟಲ್ ಹತ್ತಿಗೆ ಸಿಗುವ ಅರಳೆ ಸುಮಾರು ಮೂರನೇ ಒಂದು ಪಾಲು, ಅಂದರೆ ಮೂವತ್ತಮೂರು ಕಿಲೋ ಆಸುಪಾಸು. ಉಳಿದದ್ದು ಹತ್ತಿಕಾಳು, ಅದು ಎಣ್ಣೆಗೂ ದನಗಳಿಗೂ. ಒತ್ತಿ ಕಟ್ಟಿದ ಒಂದು ಬೇಲು 170 ಕಿಲೋ ಅಂತ ಹಿಡಿದರೆ, ಅದರ ಹಿಂದೆ ಐದು ಕ್ವಿಂಟಲ್ ಹತ್ತಿ ಇರುತ್ತದೆ. ಬಿಡಿಸಿದ ಹೆಂಗಸರು, ಗಾಡಿ ಹೊಡೆದವರು, ಹಮಾಲರು, ತಕ್ಕಡಿ ಹಿಡಿದವರು ಎಲ್ಲ ಆ ಒಂದು ಬೇಲಿನ ಹಿಂದೆ ಇದ್ದರು. ಮೂರೂ ವಲಯಗಳು ಒಂದೇ ಪೇಟೆಯಲ್ಲಿ ಒಬ್ಬರನ್ನೊಬ್ಬರು ಕೈಹಿಡಿದು ನಿಂತಿದ್ದವು.

1936ರಲ್ಲಿ ರಾಜನಹಳ್ಳಿ ಹನುಮಂತಪ್ಪನವರು ದಾವಣಗೆರೆ ಕಾಟನ್ ಮಿಲ್ಸ್ ಶುರು ಮಾಡಿದ್ದು ಈ ನೆಲೆಯ ಮೇಲೆ. ಹಣ ಹೊರಗಿನದಲ್ಲ, ಪೇಟೆಯದೇ. ಮುಂದೆ ಒಂದರ ಹಿಂದೆ ಒಂದರಂತೆ ಮಿಲ್ಲುಗಳು ಎದ್ದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಅತ್ತ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡಲು ನಿಂತಿತು. ಅದರ ‘ಎಂಟರ್‌ಪ್ರೈಸ್’ ಲೇತ್ ಹೆಸರುವಾಸಿ. 1970ರ ದಶಕದಲ್ಲಿ ತುಂಗಭದ್ರೆಯ ಆಚೆ ಕುಮಾರಪಟ್ಟಣದಲ್ಲಿ ಹರಿಹರ್ ಪಾಲಿಫೈಬರ್ಸ್ ಬಂತು. ಹದಿನಾಲ್ಕು ಕಿಲೋಮೀಟರ್ ಅಂತರದ ಎರಡು ಊರುಗಳಲ್ಲಿ ನೂಲು, ಯಂತ್ರ, ಕೃತಕ ನೂಲಿನ ತಿರುಳು ಮೂರೂ ತಯಾರಾಗುತ್ತಿದ್ದವು.

ನನ್ನ ಬೀದಿಯಲ್ಲಿ ಒಬ್ಬ ಅಜ್ಜಾರು ಇದ್ದಾರೆ. ಮಿಲ್ಲಿನ ರಿಂಗ್ ಫ್ರೇಮ್ ಖಾತೆಯಲ್ಲಿ ದುಡಿದವರು. ಅವರಿಂದಲೇ ನನಗೆ ಖಾತೆಗಳ ಸಾಲು ಬಾಯಿಪಾಠವಾದದ್ದು: ಮೊದಲು ಬ್ಲೋ ರೂಮಿನಲ್ಲಿ ಬೇಲು ಬಿಚ್ಚಿ ಅರಳೆ ಹಿಂಜಿ ಕಸ ತೆಗೆಯುವುದು, ಆಮೇಲೆ ಕಾರ್ಡಿಂಗ್, ಡ್ರಾಯಿಂಗ್, ಸಿಂಪ್ಲೆಕ್ಸ್, ಕೊನೆಗೆ ರಿಂಗ್ ಫ್ರೇಮ್. ಅಲ್ಲಿ ಎಳೆ ಹರಿದಾಗ ಓಡುವ ಕದಿರಿನ ಮೇಲೇ ಬೆರಳ ತುದಿಯಲ್ಲಿ ಹೊಸೆದು ಸೇರಿಸುವವನು ಪೀಸರ್.

‘ಎಳೆ ಹರಿದದ್ದು ಕಣ್ಣಿಗೆ ಕಾಣೂದಕ್ಕೆ ಮೊದ್ಲೇ ಬೆರಳಿಗೆ ಗೊತ್ತಾಗ್ತಿತ್ತಪ್ಪ. ಈಗ ಆ ಬೆರಳು ತಗಂಡು ಏನ್ ಮಾಡ್ಲಿ?’ ಅಂದರು ಒಂದು ಸಲ.

ಈ ಪ್ರಶ್ನೆಯಲ್ಲಿ ಇಡೀ ವಿಷಯ ಇದೆ ಅನ್ನಿಸಿದ್ದರಿಂದಲೇ ಇದನ್ನು ಬರೆಯಲು ಕೂತೆ.

ಮಿಲ್ಲು ಏಕೆ ಸತ್ತಿತು ಎನ್ನುವುದಕ್ಕೆ ‘ಯೂನಿಯನ್ನಿನವರು ಹಾಳು ಮಾಡಿದರು’ ಎಂಬ ಸಿದ್ಧ ಉತ್ತರ ನಮ್ಮಲ್ಲಿ ಇದೆ. ಅಷ್ಟು ಸರಳವಲ್ಲ. ಮೊದಲ ಪೆಟ್ಟು ಹೊಲದಿಂದಲೇ ಬಂತು. ಭದ್ರಾ ನಾಲೆಯ ನೀರು ಹರಿದ ಮೇಲೆ ರೈತ ಮಳೆ ನಂಬಿದ ಹತ್ತಿ, ಜೋಳ ಬಿಟ್ಟು ಭತ್ತಕ್ಕೆ ಹೋದ. ಯಾರಾದರೂ ಹೋಗುತ್ತಿದ್ದರು. ಆದರೆ ಮಿಲ್ಲಿನ ಬಾಗಿಲಲ್ಲೇ ಸಿಗುತ್ತಿದ್ದ ಕಚ್ಚಾ ಮಾಲು ದೂರ ಸರಿಯಿತು. ಎರಡನೆಯದು ಯಂತ್ರ. ಹಳೆಯ ಸ್ಪಿಂಡಲ್‌ಗಳನ್ನೇ ಓಡಿಸುತ್ತ ಹೋದರೆ ಕರೆಂಟೂ ಜಾಸ್ತಿ, ಎಳೆ ಹರಿಯುವುದೂ ಜಾಸ್ತಿ. ಬಂದ ಲಾಭ ಹೊಸ ಯಂತ್ರಕ್ಕೆ ಹೋಗದಿದ್ದಾಗ ಒಂದು ಕಿಲೋ ನೂಲಿನ ಖರ್ಚು ಏರುತ್ತಲೇ ಹೋಗುತ್ತದೆ. ಮೂರನೆಯದು ಪವರ್‌ಲೂಮ್. ಮಿಲ್ಲಿನ ಬಟ್ಟೆಗೆ ಕಾರ್ಮಿಕ ಕಾನೂನು, ತೆರಿಗೆ ಎಲ್ಲ ಇತ್ತು, ಶೆಡ್ಡಿನ ಮಗ್ಗಕ್ಕೆ ಹೆಚ್ಚೇನೂ ಇರಲಿಲ್ಲ. 1985ರ ಕೇಂದ್ರದ ಜವಳಿ ನೀತಿ ಪವರ್‌ಲೂಮ್‌ಗಳ ಮೇಲಿದ್ದ ಕಟ್ಟುಗಳನ್ನು ಸಡಿಲಿಸಿದ ಮೇಲೆ ನೂಲೂ ನೇಯ್ಗೆಯೂ ಒಟ್ಟಿಗಿದ್ದ ಮಿಲ್ಲುಗಳು ದೇಶದ ತುಂಬ ತತ್ತರಿಸಿದವು. ಮುಂಬೈಯದು ಎಲ್ಲರಿಗೂ ಗೊತ್ತು, ನಮ್ಮದು ನಮಗೆ ಮಾತ್ರ ಗೊತ್ತು.

ಮಿಲ್ಲು ನಿಲ್ಲುವುದು ಒಂದೇ ದಿನದ ಘಟನೆಯಲ್ಲ. ಅಜ್ಜಾರು ಹೇಳುವ ಲಕ್ಷಣಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಮೊದಲು ಬದಲಿ ಕೆಲಸಗಾರರನ್ನು ಕರೆಯುವುದು ನಿಲ್ಲುತ್ತದೆ. ಆಮೇಲೆ ರಾತ್ರಿ ಪಾಳಿ ಹೋಗುತ್ತದೆ. ಒಂದು ಯಂತ್ರ ಕೆಟ್ಟರೆ ಪಕ್ಕದ ಯಂತ್ರದ ಭಾಗ ಬಿಚ್ಚಿ ಹಾಕುತ್ತಾರೆ. ಪಗಾರ ಹತ್ತನೇ ತಾರೀಕಿನಿಂದ ಇಪ್ಪತ್ತಕ್ಕೆ ಸರಿಯುತ್ತದೆ. ಕೊನೆಗೆ ಪಿಎಫ್ ಹಿಡಿದಿದ್ದಾರೆ, ಕಟ್ಟಿಲ್ಲ ಎಂದು ಗೊತ್ತಾಗುತ್ತದೆ. ಗೇಟಿಗೆ ಬೀಗ ಬೀಳುವುದು ಇದೆಲ್ಲ ಮುಗಿದ ಮೇಲೆ. ಈಗ ಬೇರೆ ಯಾವುದೇ ಕಾರ್ಖಾನೆಯ ಸುದ್ದಿಗೆ ಹೋದರೂ ನಾನು ಮೊದಲು ಕೇಳುವುದು ಬದಲಿಯವರ ಬಗ್ಗೆ.

ಆ ಬೆರಳಿನವರು ಎಲ್ಲಿಗೆ ಹೋದರು? ಪಾಠದ ಪ್ರಕಾರ ತೃತೀಯ ವಲಯಕ್ಕೆ, ಅಂದರೆ ಮೇಲಿನ ಮೆಟ್ಟಿಲಿಗೆ. ಹೋದದ್ದೂ ನಿಜ. ಅಜ್ಜಾರು ಮೊದಲು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದರು, ಆಮೇಲೆ ಒಂದು ಕಲ್ಯಾಣ ಮಂಟಪದಲ್ಲಿ ರಾತ್ರಿ ಕಾವಲು. ಅವರ ಜೊತೆಯವರಲ್ಲಿ ಒಬ್ಬರು ಆಟೋ, ಇನ್ನೊಬ್ಬರು ಸಂಜೆ ಮೆಣಸಿನಕಾಯಿ ಬಜ್ಜಿಯ ಗಾಡಿ. ಎಲ್ಲವೂ ಸೇವೆಯೇ, ಲೆಕ್ಕದಲ್ಲಿ ಎಲ್ಲವೂ ತೃತೀಯ. ಆದರೆ ಪಿಎಫ್, ಇಎಸ್‌ಐ, ಬೋನಸ್, ವಾರದ ರಜೆ ಇದ್ದ ಕೆಲಸದಿಂದ ಅದೇನೂ ಇಲ್ಲದ ಕೆಲಸಕ್ಕೆ. ವಲಯದ ಹೆಸರು ಮೇಲೇರಿತು, ಮನುಷ್ಯ ಕೆಳಗಿಳಿದ.

ಹರಿಹರದ್ದು ಸ್ವಲ್ಪ ಬೇರೆ. ಕಿರ್ಲೋಸ್ಕರ್ ಕೂಡ ನಿಂತುಹೋಯಿತು, ಅಲ್ಲಿಯೂ ಕಣ್ಣೀರಿಗೆ ಕಮ್ಮಿ ಇರಲಿಲ್ಲ. ಆದರೆ ಟರ್ನರ್ ಕಲಿತದ್ದು ಒಂದು ಮಿಲ್ಲಿನ ಕೆಲಸವಲ್ಲ. ಮೈಕ್ರೋಮೀಟರ್ ಹಿಡಿಯಲು, ಡ್ರಾಯಿಂಗ್ ಓದಲು ಬಂದವನಿಗೆ ಯಾವ ಊರಿನ ವರ್ಕ್‌ಶಾಪಿನಲ್ಲೂ ಜಾಗ ಇದೆ. ಒಂದು ಹಳೇ ಲೇತ್ ಕೊಂಡರೆ ಸ್ವಂತ ಶೆಡ್ಡು. ಪೀಸರ್‌ನ ಕೈಚಳಕ ರಿಂಗ್ ಫ್ರೇಮ್ ಇದ್ದಲ್ಲಿ ಮಾತ್ರ ಬೆಲೆಬಾಳುತ್ತದೆ. ಒಂದು ವಲಯದಿಂದ ಇನ್ನೊಂದಕ್ಕೆ ದಾಟುವಾಗ ವಲಯಕ್ಕಿಂತ ಈ ವ್ಯತ್ಯಾಸ ದೊಡ್ಡದು ಎಂದು ನನಗೆ ತೋರುತ್ತದೆ.

ಇನ್ನು ಊರು. ಊರು ಬಡವಾಗಲಿಲ್ಲ, ಅದೇ ಸೋಜಿಗ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲೇ ಹುಟ್ಟಿತ್ತು. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು. ಅಂದರೆ ಮಿಲ್ಲುಗಳು ಸತ್ತ ಮೇಲೆ ಕಾಲೇಜುಗಳು ಬಂದದ್ದಲ್ಲ, ಮಿಲ್ಲಿನ ಸೈರನ್ ಮೊಳಗುತ್ತಿದ್ದಾಗಲೇ ಪಕ್ಕದಲ್ಲಿ ಬೆಳೆಯುತ್ತಿದ್ದವು. 1997ರಲ್ಲಿ ಜಿಲ್ಲೆಯಾಯಿತು, ಕಚೇರಿಗಳು ಬಂದವು, 2009ರಲ್ಲಿ ವಿಶ್ವವಿದ್ಯಾಲಯ. ಹೊಸ ಕೆಲಸಗಳು ಹುಟ್ಟಿದವು, ಆದರೆ ಐವತ್ತು ವರ್ಷದ ಪೀಸರ್‌ಗಲ್ಲ. ಅವು ಮುಂದಿನ ತಲೆಮಾರಿಗೆ, ಅದೂ ಓದಿಸಲು ದುಡ್ಡಿದ್ದ ಮನೆಯ ಮಕ್ಕಳಿಗೆ. ಅಜ್ಜಾರ ಮೊಮ್ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಪಾಠ ಹೇಳುವ ಬದಲಾವಣೆ ಅವರ ಮನೆಯಲ್ಲಿ ಆಯಿತು, ಆದರೆ ಎರಡು ತಲೆಮಾರು ಹಿಡಿಯಿತು, ನಡುವಿನ ತಲೆಮಾರು ಅದರ ಬೆಲೆ ಕಟ್ಟಿತು.

ರಾಜಕೀಯವೂ ಬದಲಾಯಿತು. ಸಿಪಿಐನ ಪಂಪಾಪತಿಯವರನ್ನು ಈ ಊರು 1978ರಿಂದ ಸತತ ಮೂರು ಸಲ ವಿಧಾನಸಭೆಗೆ ಕಳಿಸಿತ್ತು. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಒಂದೇ ಗೇಟಿನಿಂದ ಒಂದೇ ಹೊತ್ತಿಗೆ ಸಾವಿರಾರು ಜನ ಹೊರಬರುವ ಊರಿನಲ್ಲಿ ಆ ಪಕ್ಷಕ್ಕೆ ನೆಲೆಯಿತ್ತು. ಒಬ್ಬೊಬ್ಬರೂ ಒಂದೊಂದು ಆಟೋದಲ್ಲಿ ಕೂತ ಮೇಲೆ ಯಾವ ಗೇಟಿನಲ್ಲಿ ಭಾಷಣ ಮಾಡುವುದು?

ಈ ಇಳಿತ ಸರ್ಕಾರದ ಲೆಕ್ಕದಲ್ಲಿ ಕಾಣುತ್ತದೆಯೇ ಎಂದು ನೋಡಲು ಹೋಗಿ ನಾನು ಬೇಸ್ತು ಬಿದ್ದೆ. 1991ರವರೆಗೆ ಜನಗಣತಿ ದುಡಿಯುವವರನ್ನು ಒಂಬತ್ತು ಬಗೆಯಾಗಿ ಹಂಚುತ್ತಿತ್ತು: ಕಾರ್ಖಾನೆ ಬೇರೆ, ವ್ಯಾಪಾರ ಬೇರೆ, ಸಾರಿಗೆ ಬೇರೆ. 2001ರಿಂದ ಮೊದಲು ಪ್ರಕಟವಾಗುವ ಕೋಷ್ಟಕದಲ್ಲಿ ನಾಲ್ಕೇ ಬಗೆ: ಸಾಗುವಳಿದಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ‘ಇತರೆ’. 2011ರಲ್ಲಿ ದೇಶದ ದುಡಿಯುವವರಲ್ಲಿ ಶೇ 41.6 ಮಂದಿ ಈ ‘ಇತರೆ’. ಮಿಲ್ಲಿನಲ್ಲಿದ್ದಾಗ ಅಜ್ಜಾರು ‘ಇತರೆ’, ಕಾವಲಿಗೆ ಹೋದ ಮೇಲೂ ‘ಇತರೆ’, ಅವರ ಮೊಮ್ಮಗಳು ನರ್ಸ್ ಆದರೂ ‘ಇತರೆ’. ಮಂಡಕ್ಕಿ ಭಟ್ಟಿಯದ್ದು ಇನ್ನೂ ತಮಾಷೆ. ಭತ್ತದಿಂದ ಮಂಡಕ್ಕಿ ಹುರಿಯುವುದು ಅಪ್ಪಟ ದ್ವಿತೀಯ ವಲಯ, ಊರಿಗೆ ಊರೇ ತಿನ್ನುತ್ತದೆ. ಆದರೆ ನಗರದಲ್ಲಿ ಮನೆಯ ಆವರಣದೊಳಗೇ ನಡೆದರೆ ಮಾತ್ರ ಅದು ಗೃಹ ಕೈಗಾರಿಕೆ. ಭಟ್ಟಿ ಮುಂದಿನ ಓಣಿಯಲ್ಲಿದ್ದರೆ ಬಿಸಿ ಮರಳಿನ ಮುಂದೆ ನಿಂತವನೂ ‘ಇತರೆ’. ಕಾಸಿಗೊಂದು ಸುದ್ದಿ ಬರೆಯುವ ನಾನೂ ಅದೇ ಸಾಲಿನಲ್ಲಿ, ಸಾಫ್ಟ್‌ವೇರಿನವನ ಪಕ್ಕ.

ಕಸುಬಿನ ವಿವರದ ಕೋಷ್ಟಕಗಳು ತಡವಾಗಿ ಬರುತ್ತವೆ, ಬಂದಾಗ ಯಾರೂ ನೋಡುವುದಿಲ್ಲ. ಈ ನಡುವೆ ಕಾರ್ಮಿಕ ಬಲದ ವಾರ್ಷಿಕ ಸಮೀಕ್ಷೆ ಇನ್ನೊಂದು ಕಥೆ ಹೇಳುತ್ತಿದೆ. ದೇಶದಲ್ಲಿ ಕೃಷಿಯಲ್ಲಿರುವವರು 2018-19ರಲ್ಲಿ ಶೇ 42.5 ಇದ್ದವರು 2019-20ಕ್ಕೆ 45.6 ಆದರು, 2023-24ರಲ್ಲೂ 46.1. ಕೋವಿಡ್‌ನಲ್ಲಿ ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿ ಬಂದವರನ್ನು ಹರಿಹರದ ಸ್ಟ್ಯಾಂಡಿನಲ್ಲಿ ನಾನೇ ನೋಡಿ ಸುದ್ದಿ ಮಾಡಿದ್ದೆ. ಅವರಲ್ಲಿ ಎಷ್ಟೋ ಜನ ಮೆಕ್ಕೆಜೋಳದ ಹೊಲದಲ್ಲೇ ಉಳಿದರು. ಮೆಟ್ಟಿಲಲ್ಲಿ ಇಳಿಯುವುದಕ್ಕೂ ದಾರಿ ಇದೆ ಎಂದು ಕ್ಲಾರ್ಕ್ ಸಾಹೇಬರು ಬರೆದಿರಲಿಲ್ಲ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿದ್ದು ಎಲ್ಲರಿಗೂ ಗೊತ್ತು. ಗಣತಿಯವರು ಬಂದರೆ ಏನು ಬರೆಸುತ್ತೀರಿ ಎಂದು ಅಜ್ಜಾರನ್ನು ಕೇಳಿದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಏನೂ ಬರೆಸುವಂತಿಲ್ಲ. ಆದರೂ ಅವರು ತಡಮಾಡಲಿಲ್ಲ.

‘ಡಿಸಿಎಂ, ರಿಂಗ್ ಫ್ರೇಮ್ ಖಾತೆ ಅಂತ ಬರೆಸ್ತೀನಿ’ ಅಂದರು.